ಎಲಿಸಾ ನೆಗೆಟಿವ್ ಬಂದ ರಕ್ತದಿಂದಲೇ ಮಗಳಿಗೆ ಹೆಪಟೈಟಿಸ್ ಸಿ ಬಂತು

ಪ್ರಶ್ನೆ: ಮಗನಿಗೆ ಥಲಸ್ಸೇಮಿಯಾ. ಬ್ಲಡ್ ಬ್ಯಾಂಕಿನವರು ನ್ಯಾಟ್ ಟೆಸ್ಟ್‌ಗೆ ಜಾಸ್ತಿ ದುಡ್ಡು ಕೇಳ್ತಾರೆ. ಗುರುತಿನವರೇ ರಕ್ತ ಕೊಟ್ಟರೆ ಮಾಮೂಲಿ ಎಲಿಸಾ ಟೆಸ್ಟ್ ಸಾಕಲ್ವಾ?

ಸಾಕಾಗಲ್ಲ. ನನ್ನ ಮಗಳಿಗೂ ಥಲಸ್ಸೇಮಿಯಾ, ಅವಳಿಗೆ ಆಗ ಆರು ವರ್ಷ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೆವು. ಒಂದು ಸಲ ಅವಳ ಗುಂಪಿನ ರಕ್ತ ಸಿಗಲಿಲ್ಲ. ತಮ್ಮನ ಗೆಳೆಯನನ್ನು ಕರೆದುಕೊಂಡು ಹೋದೆ. ಚಿಕ್ಕಂದಿನಿಂದ ನೋಡಿದ ಹುಡುಗ, ಒಳ್ಳೆಯವನು.

ಅವನ ತೋಳಿನ ಮೇಲೆ ಹೊಸ ಟ್ಯಾಟೂ ಇತ್ತು. ಜಾತ್ರೆಯಲ್ಲಿ ಹಾಕಿಸಿಕೊಂಡು ಮೂರು ವಾರ ಆಗಿತ್ತು. ಫಾರಂನಲ್ಲಿ, ಒಂದು ವರ್ಷದೊಳಗೆ ಟ್ಯಾಟೂ ಹಾಕಿಸಿದ್ದೀರಾ ಅನ್ನುವ ಪ್ರಶ್ನೆ ಬಂತು. ಅವನು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ. "ಇಲ್ಲ ಅಂತ ಹಾಕಪ್ಪ, ಹೇಗೂ ಟೆಸ್ಟ್ ಮಾಡ್ತಾರೆ" ಅಂದೆ. ತೋಳು ಮುಚ್ಚುವ ಹಾಗೆ ಅಂಗಿಯ ಕೈ ಇಳಿಸಿಕೊಂಡು ಇನ್ನೊಂದು ಕೈ ಚಾಚಿದ. ಆ ಒಂದು ಮಾತು ನಾನು ಆಡಬಾರದಿತ್ತು. ಅವನಾಗಿ ಸುಳ್ಳು ಹೇಳುತ್ತಿರಲಿಲ್ಲ. ನಾನು ಎದುರಿಗೆ ನಿಂತಿದ್ದೆ, ಮಗಳು ಒಳಗೆ ಮಲಗಿದ್ದಳು. ಅವನು ಹೇಗೆ ತಾನೇ ಆಗಲ್ಲ ಅಂದಾನು?

ಎಲಿಸಾ ನೆಗೆಟಿವ್ ಬಂತು. ಆ ಟೆಸ್ಟಿನಲ್ಲಿ ತಪ್ಪೇನೂ ಆಗಿರಲಿಲ್ಲ. ಹೆಪಟೈಟಿಸ್ ಸಿ ವಿಷಯದಲ್ಲಿ ಅದು ಹುಡುಕುವುದು ವೈರಸ್ಸನ್ನಲ್ಲ, ವೈರಸ್ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನು. ಹೆಪಟೈಟಿಸ್ ಸಿ ಸೋಂಕು ತಗುಲಿದ ಮೇಲೆ ಆಂಟಿಬಾಡಿ ಕಾಣಿಸಿಕೊಳ್ಳಲು ಸುಮಾರು ಎರಡು ತಿಂಗಳು ಬೇಕು. ವೈರಸ್ ಮಾತ್ರ ಒಂದೆರಡು ವಾರದಲ್ಲೇ ರಕ್ತದಲ್ಲಿ ತುಂಬಿಕೊಂಡಿರುತ್ತದೆ. ಈ ನಡುವಿನ ದಿನಗಳೇ ವಿಂಡೋ ಪೀರಿಯಡ್. ಟ್ಯಾಟೂ ಸೂಜಿಯಿಂದ ಸೋಂಕು ತಗುಲಿಸಿಕೊಂಡ ನಮ್ಮ ಹುಡುಗ ಸರಿಯಾಗಿ ಅದರ ಮಧ್ಯದಲ್ಲಿದ್ದ.

ನಾಲ್ಕು ತಿಂಗಳಾದ ಮೇಲೆ ಮಗಳ ಲಿವರ್ ಟೆಸ್ಟ್ ಏರುಪೇರಾಯಿತು. ಅವಳಿಗೆ ರಕ್ತ ಕೊಟ್ಟವರನ್ನೆಲ್ಲ ಬ್ಲಡ್ ಬ್ಯಾಂಕಿನವರು ಮತ್ತೆ ಕರೆಸಿ ಪರೀಕ್ಷೆ ಮಾಡಿದರು. ಪಾಸಿಟಿವ್ ಬಂದವನು ಅವನೊಬ್ಬನೇ. ಹನ್ನೆರಡು ವಾರ ಮಾತ್ರೆ ತಗೊಂಡು ಇಬ್ಬರಿಗೂ ವಾಸಿಯಾಯಿತು. ಎಚ್‌ಐವಿ ಆಗಿದ್ದಿದ್ದರೆ?

ನ್ಯಾಟ್ ಆಂಟಿಬಾಡಿಗೆ ಕಾಯುವುದಿಲ್ಲ. ವೈರಸ್ಸಿನದೇ ಆರ್‌ಎನ್‌ಎ ಅಥವಾ ಡಿಎನ್‌ಎ ತುಣುಕನ್ನು ಹಿಡಿದು, ಅದರ ಕೋಟಿಗಟ್ಟಲೆ ನಕಲು ಮಾಡಿ ನೋಡುತ್ತದೆ. ಹಾಗಾಗಿ ರಕ್ತದಲ್ಲಿ ವೈರಸ್ ಚೂರೇ ಇದ್ದರೂ ಸಿಕ್ಕಿಬೀಳುತ್ತದೆ. ಹೆಪಟೈಟಿಸ್ ಸಿ ವಿಂಡೋ ಎರಡು ತಿಂಗಳಿಂದ ಸುಮಾರು ಒಂದು ವಾರಕ್ಕೆ ಇಳಿಯುತ್ತದೆ. ಎಚ್‌ಐವಿಯದು, ಆಂಟಿಬಾಡಿ ಟೆಸ್ಟಿನಲ್ಲಿ ಮೂರು ವಾರ ಇರುವುದು, ಹತ್ತು ದಿನದ ಆಸುಪಾಸಿಗೆ ಬರುತ್ತದೆ. ಹೆಪಟೈಟಿಸ್ ಬಿಯಲ್ಲಿ ಇಷ್ಟು ಲಾಭವಿಲ್ಲ, ಅಲ್ಲಿ ನ್ಯಾಟ್‌ಗೂ ಕೆಲವು ವಾರ ಬೇಕು. ಕೆಲವು ಕಡೆ ಹಲವರ ಸ್ಯಾಂಪಲ್ ಒಟ್ಟಿಗೆ ಬೆರೆಸಿ ನ್ಯಾಟ್ ಮಾಡುತ್ತಾರೆ. ಬೆರೆಸಿದಾಗ ವೈರಸ್ ತೆಳುವಾಗಿ, ತೀರಾ ಹೊಸ ಸೋಂಕು ತಪ್ಪಿಸಿಕೊಳ್ಳಬಹುದು. ಒಂದೊಂದೇ ಸ್ಯಾಂಪಲ್ ಮಾಡ್ತೀರಾ, ಬೆರೆಸಿ ಮಾಡ್ತೀರಾ ಅಂತ ಕೇಳಿ.

ಗುರುತಿನವರ ರಕ್ತ ಅನ್ನುವ ಯೋಚನೆ ಬಿಟ್ಟುಬಿಡಿ. ಗುರುತಿನವರಿಗೆ ನಿಮ್ಮೆದುರು ಇಲ್ಲ ಅನ್ನಲು ಆಗುವುದಿಲ್ಲ. ಯಾರೂ ಕರೆಯದೆ ವರ್ಷ ವರ್ಷ ತಾವಾಗಿ ಬಂದು ಕೊಡುವವರ ರಕ್ತ ಕೇಳಿ, ನ್ಯಾಟ್ ದುಡ್ಡು ಕೊಡಿ. ಯಾರನ್ನಾದರೂ ಕರೆದುಕೊಂಡು ಹೋಗಲೇಬೇಕಾಗಿ ಬಂದರೆ, ಅವರು ಫಾರಂ ತುಂಬುವಾಗ ನೀವು ಹೊರಗಿರಿ.