ಎಲೆಕ್ಟ್ರಾನ್ ಸಾಂದ್ರತೆ ಒಂದೇ ಹೇಗೆ ಸಾಕಾಗುತ್ತದೆ?

ಪ್ರಶ್ನೆ: "ವೇವ್ ಫಂಕ್ಷನ್‌ನಲ್ಲಿ ಪ್ರತಿ ಎಲೆಕ್ಟ್ರಾನಿಗೂ ಬೇರೆ ಬೇರೆ x, y, z ಇರುತ್ತದೆ. ಡೆನ್ಸಿಟಿ ಫಂಕ್ಷನಲ್ ಥಿಯರಿಯಲ್ಲಿ, ಅಂದರೆ ಡಿಎಫ್‌ಟಿಯಲ್ಲಿ, ಎಲ್ಲಾ ಸೇರಿ ಬರೀ ಒಂದು ಸಾಂದ್ರತೆ. ಮಾಹಿತಿ ಕಳೆದುಹೋಗಲ್ವಾ?"

ಗ್ರೌಂಡ್ ಸ್ಟೇಟ್, ಅಂದರೆ ಕನಿಷ್ಠ ಶಕ್ತಿಯ ಸ್ಥಿತಿಯ ಮಟ್ಟಿಗೆ ಏನೂ ಕಳೆದುಹೋಗುವುದಿಲ್ಲ. ವೇವ್ ಫಂಕ್ಷನನ್ನೇ ಹಿಂಡಿ ಸಾಂದ್ರತೆಯೊಳಗೆ ತುಂಬಿದ್ದಾರೆ ಅಂದುಕೊಂಡರೆ ಇದು ನಂಬಲು ಕಷ್ಟ. ಸಾಂದ್ರತೆ ಮಾಡುವ ಕೆಲಸವೇ ಬೇರೆ. ಎಲೆಕ್ಟ್ರಾನ್‌ಗಳು ಎಷ್ಟಿವೆ, ಯಾವ ನ್ಯೂಕ್ಲಿಯಸ್‌ಗಳ ಸೆಳೆತದಲ್ಲಿವೆ ಎಂದು ಅದು ತೋರಿಸಿಕೊಡುತ್ತದೆ. ಅಷ್ಟು ಗೊತ್ತಾದರೆ ಶ್ರೋಡಿಂಗರ್ ಸಮೀಕರಣ ಬರೆಯಬಹುದು. ವೇವ್ ಫಂಕ್ಷನ್ ಅದರಿಂದಲೇ ಬರುತ್ತದೆ.

ಇ. ಬ್ರೈಟ್ ವಿಲ್ಸನ್ ಕೊಟ್ಟ ವಾದ ನನಗೆ ತುಂಬಾ ಇಷ್ಟ. ಯಾವುದೋ ಅಣುವಿನ ಸಾಂದ್ರತೆ ನಿಮ್ಮ ಕೈಯಲ್ಲಿದೆ, ಅಣು ಯಾವುದೆಂದು ಗೊತ್ತಿಲ್ಲ ಎಂದಿಟ್ಟುಕೊಳ್ಳಿ. ಮೊದಲು ಅದನ್ನು ಎಲ್ಲಾ ಕಡೆ ಕೂಡಿಸಿ, ಅಂದರೆ ಇಂಟಿಗ್ರೇಟ್ ಮಾಡಿ. 10 ಬಂತು. ಹಾಗಾದರೆ 10 ಎಲೆಕ್ಟ್ರಾನ್‌ಗಳಿವೆ. ಆಮೇಲೆ ಸಾಂದ್ರತೆ ಎಲ್ಲಿ ಚೂಪಾಗಿ ಏರಿದೆ ನೋಡಿ. ಮೂರು ಕಡೆ ಚೂಪು ಕಂಡರೆ ನ್ಯೂಕ್ಲಿಯಸ್‌ಗಳು ಇರುವುದು ಅಲ್ಲೇ. ಇನ್ನು ಆ ಚೂಪಿನಿಂದ ಸಾಂದ್ರತೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂದು ಅಳೆಯಿರಿ. ಸುತ್ತಲಿನ ಸರಾಸರಿ ತೆಗೆದುಕೊಂಡು, ಇಳಿಜಾರನ್ನು ಅಲ್ಲಿನ ಎತ್ತರದಿಂದ ಭಾಗಿಸಿದರೆ, ಪರಮಾಣು ಮಾನಗಳಲ್ಲಿ −2Z ಬರಬೇಕು. Z ಅಂದರೆ ನ್ಯೂಕ್ಲಿಯಸ್‌ನ ಚಾರ್ಜ್. ಹೈಡ್ರೋಜನ್ ಪರಮಾಣುವಿನಲ್ಲಿ ಇದನ್ನು ನೀವೇ ನೋಡಬಹುದು:

```
n(r) = e^(−2r) / π
n'(0) / n(0) = −2
```

ನಮ್ಮ ಅಣುವಿನಲ್ಲಿ ಒಂದು ಚೂಪಿನ ಹತ್ತಿರ −16, ಉಳಿದೆರಡರ ಹತ್ತಿರ −2 ಬಂತು ಅನ್ನಿ. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಚಾರ್ಜ್‌ಗಳ ಮೊತ್ತವೂ 10, ಎಲೆಕ್ಟ್ರಾನ್‌ಗಳೂ 10. ಇದು ನೀರಿನ ಅಣು, ಅಯಾನ್ ಕೂಡ ಅಲ್ಲ!

ನೀರಿನ ವೇವ್ ಫಂಕ್ಷನ್‌ಗೆ, ಸ್ಪಿನ್ ಬಿಟ್ಟರೂ, 30 ನಿರ್ದೇಶಾಂಕ ಬೇಕು. ಒಂದೊಂದಕ್ಕೆ ಬರೀ 10 ಬಿಂದು ಇಟ್ಟರೂ 10^30 ಸಂಖ್ಯೆಗಳಾಗುತ್ತವೆ. ಅದೇ ಲೆಕ್ಕದಲ್ಲಿ ಸಾಂದ್ರತೆಗೆ 1000 ಸಾಕು.

ಚೂಪಿನ ವಾದ ನ್ಯೂಕ್ಲಿಯಸ್‌ಗಳ ಕೂಲಂಬ್ ಸೆಳೆತಕ್ಕೆ ಮಾತ್ರ ಹೊಂದುತ್ತದೆ. 1964ರಲ್ಲಿ ಹೋಹೆನ್‌ಬರ್ಗ್ ಮತ್ತು ಕೋನ್ ಇದನ್ನು ಯಾವುದೇ ಹೊರಗಿನ ಪೊಟೆನ್ಷಿಯಲ್‌ಗೆ ಸಾಧಿಸಿದರು. ಎರಡು ಬೇರೆ ಪೊಟೆನ್ಷಿಯಲ್‌ಗಳಿಗೆ ಒಂದೇ ಗ್ರೌಂಡ್ ಸ್ಟೇಟ್ ಸಾಂದ್ರತೆ ಇದ್ದರೆ, ಕನಿಷ್ಠ ಶಕ್ತಿಯ ನಿಯಮ ಹಚ್ಚಿದಾಗ ಅವೆರಡರ ಗ್ರೌಂಡ್ ಸ್ಟೇಟ್ ಶಕ್ತಿಗಳ ಮೊತ್ತ E1 + E2 ತನಗಿಂತಲೇ ಕಡಿಮೆ ಎಂದು ಬರುತ್ತದೆ. ಅದು ಸಾಧ್ಯವೇ ಇಲ್ಲ ಅಲ್ವಾ?

ಆದರೆ ಸಾಂದ್ರತೆಯಿಂದ ಶಕ್ತಿ ತೆಗೆಯುವ ಸೂತ್ರ ಇದೆ ಎಂದಷ್ಟೇ ಈ ಪ್ರಮೇಯ ಹೇಳುತ್ತದೆ. ಅದು ಹೇಗಿದೆ ಎಂದು ಹೇಳುವುದಿಲ್ಲ. ನಿಜವಾದ ಕಷ್ಟ ಇರುವುದು ಇಲ್ಲಿ, ಅದರಲ್ಲೂ ಚಲನ ಶಕ್ತಿಯಲ್ಲಿ. 1927ರಲ್ಲೇ ಥಾಮಸ್ ಮತ್ತು ಫರ್ಮಿ ಅದನ್ನು ನೇರವಾಗಿ ಸಾಂದ್ರತೆಯಿಂದ ಲೆಕ್ಕ ಹಾಕಲು ಹೊರಟಿದ್ದರು. ಆ ಸೂತ್ರದಲ್ಲಿ ಪರಮಾಣುಗಳು ಸೇರಿ ಅಣುವಾಗುವುದೇ ಇಲ್ಲ. 1965ರಲ್ಲಿ ಕೋನ್ ಮತ್ತು ಶಾಮ್ ಬೇರೆ ದಾರಿ ಹಿಡಿದರು. ಒಂದನ್ನೊಂದು ತಳ್ಳದ ಕಾಲ್ಪನಿಕ ಎಲೆಕ್ಟ್ರಾನ್‌ಗಳನ್ನು ತೆಗೆದುಕೊಂಡು, ಅವುಗಳ ಸಾಂದ್ರತೆ ಮಾತ್ರ ಅಸಲಿಯದ್ದೇ ಆಗಿರಲಿ ಎಂದರು. ಅವುಗಳ ಆರ್ಬಿಟಲ್‌ಗಳಿಂದ ಚಲನ ಶಕ್ತಿಯ ಬಹುಪಾಲು ಸಿಗುತ್ತದೆ. ನೀರಿಗೆ ಅಂಥ 5 ಆರ್ಬಿಟಲ್ ಸಾಕು, ಒಂದೊಂದಕ್ಕೂ 3 ನಿರ್ದೇಶಾಂಕ ಮಾತ್ರ. ನ್ಯೂಕ್ಲಿಯಸ್‌ಗಳ ಸೆಳೆತ, ಚಾರ್ಜ್ ಮೋಡದ ಸಾಮಾನ್ಯ ವಿಕರ್ಷಣೆ ಸುಲಭದ ಲೆಕ್ಕ. ಮಿಕ್ಕಿದ್ದೆಲ್ಲ "ಎಕ್ಸ್‌ಚೇಂಜ್-ಕೋರಿಲೇಶನ್" ಎಂಬ ಒಂದೇ ಪದಕ್ಕೆ ಹೋಗುತ್ತದೆ. ಅಂದಾಜು ನಡೆಯುವುದು ಅಲ್ಲಿ ಮಾತ್ರ.

ಆ ಅಂದಾಜು ಎಲ್ಲಿ ಕೈಕೊಡುತ್ತದೆ ಎಂದು ನೋಡಬೇಕೆಂದರೆ H2+ ತೆಗೆದುಕೊಳ್ಳಿ. ಎರಡು ಪ್ರೋಟಾನ್, ಒಂದೇ ಎಲೆಕ್ಟ್ರಾನ್. ತಳ್ಳಲು ಇನ್ನೊಂದು ಎಲೆಕ್ಟ್ರಾನೇ ಇಲ್ಲ. ಆದರೆ ಮೇಲಿನ "ಮೋಡದ ವಿಕರ್ಷಣೆ" ಲೆಕ್ಕದಲ್ಲಿ ಎಲೆಕ್ಟ್ರಾನ್ ತನ್ನನ್ನೇ ತಳ್ಳುತ್ತದೆ. ಎಕ್ಸ್‌ಚೇಂಜ್ ಪದ ಇದನ್ನು ಪೂರ್ತಿ ಅಳಿಸಬೇಕು. ಈ ಪದಕ್ಕೆ ಬಳಸುವ ಎಲ್‌ಡಿಎ, ಪಿಬಿಇಯಂಥ ಅಂದಾಜು ಸೂತ್ರಗಳು ಅರೆಬರೆ ಅಳಿಸುತ್ತವೆ. ಪ್ರೋಟಾನ್‌ಗಳನ್ನು ದೂರ ದೂರ ಎಳೆಯುತ್ತಾ ಹೋದರೆ ಶಕ್ತಿ ಹೈಡ್ರೋಜನ್‌ನ −13.6 eV ಬಳಿ ನಿಲ್ಲಬೇಕು. ಈ ಸೂತ್ರಗಳಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಜಾರುತ್ತದೆ. ಅರ್ಧ ಎಲೆಕ್ಟ್ರಾನ್ ಇಲ್ಲಿ, ಅರ್ಧ ಅಲ್ಲಿ ಹರಡಿಕೊಂಡಿರುವುದು ಇವಕ್ಕೆ ಅಗ್ಗವಾಗಿ ಕಾಣುತ್ತದೆ.

ಡಿಎಫ್‌ಟಿ ಪ್ರೋಗ್ರಾಂ ನಿಮ್ಮ ಬಳಿ ಇದ್ದರೆ ಇದನ್ನೊಮ್ಮೆ ಓಡಿಸಿ ನೋಡಿ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಪಕ್ಕದಲ್ಲೇ ವೇವ್ ಫಂಕ್ಷನ್ ಆಧರಿಸಿದ ಹಾರ್ಟ್ರೀ-ಫಾಕ್ ಲೆಕ್ಕವನ್ನೂ ಹಾಕಿ. ಒಂದೇ ಎಲೆಕ್ಟ್ರಾನ್ ಇರುವಾಗ ಅದರಲ್ಲಿ ಈ ತಪ್ಪು ಇರುವುದಿಲ್ಲ. ಹಾಗಾಗಿ ಎರಡು ಗೆರೆಗಳ ನಡುವಿನ ಅಂತರವೆಲ್ಲ ಎಕ್ಸ್‌ಚೇಂಜ್-ಕೋರಿಲೇಶನ್ ಅಂದಾಜಿನಿಂದ ಬಂದದ್ದು. ಸಾಂದ್ರತೆಯಿಂದ ಕೆಲಸ ನಡೆಸಬಹುದು ಎಂಬ ಮೂಲ ವಿಚಾರದ ತಪ್ಪು ಅದರಲ್ಲಿ ಇಲ್ಲ.