ಹೆಗಲೇರಿದ ಶನಿ ಮತ್ತು ಭೌತಶಾಸ್ತ್ರದ ಅಂಕ

ಕಲಬುರಗಿಯ ಕಾಲೇಜೊಂದರಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದ ಹದಿನಾರರ ಹುಡುಗಿಯನ್ನು ಆಕೆಯ ತಾಯಿ ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕರೆತಂದಿದ್ದರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. 2025ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 70ಕ್ಕೆ 24 ಅಂಕ ಬಂದ ಮೇಲೆ ಮನೆಯವರು ಜಾತಕ ತೋರಿಸಿದ್ದರು. ಮೀನ ರಾಶಿಗೆ ಸಾಡೇಸಾತಿಯ ನಡುಭಾಗ ನಡೆದಿದೆ, ಈಗ ವಿಜ್ಞಾನದ ಓದು ಕೈಹಿಡಿಯುವುದಿಲ್ಲ, ಬರುವ ವರ್ಷ ವಾಣಿಜ್ಯ ವಿಭಾಗಕ್ಕೆ ಸೇರಿಸುವುದು ಲೇಸು ಎಂಬ ಮಾತು ಅಲ್ಲಿ ಬಂದಿತ್ತು. ಶನಿವಾರ ಮಾರುತಿ ಗುಡಿಗೆ ಎಣ್ಣೆ ಕೊಡಲು ಬಾ ಎಂದ ಅಜ್ಜಿಗೆ ಹುಡುಗಿ ನೆಂಟರೆದುರೇ, ಲಗ್ನ ರಾಶಿಕೂಟಗಳನ್ನು ಬಸವಣ್ಣನವರೇ ತಳ್ಳಿಹಾಕಿದ್ದಾರೆ, ದಿನಾ ವಚನ ಹೇಳುವ ನಿನಗೆ ಅಷ್ಟೂ ತಿಳಿಯದೇ ಎಂದು ನಕ್ಕಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ತಾಯಿಯ ಬೇಡಿಕೆ ಒಂದೇ ಆಗಿತ್ತು: “ಆಕಿಗೆ ಸ್ವಲ್ಪ ನೀವರೆ ತಿಳಿಸಿ ಹೇಳ್ರಿ ಮೇಡಂ.”

ಏನನ್ನು ತಿಳಿಸಿ ಹೇಳಬೇಕೆಂಬುದು ನನಗೆ ಮೊದಲ ಭೇಟಿಯಲ್ಲಿ ಸ್ಪಷ್ಟವಾಗಲಿಲ್ಲ. ಹುಡುಗಿ ಜ್ಯೋತಿಷ್ಯವನ್ನು ಒಂದಿಷ್ಟೂ ನಂಬುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದಳು. ಆದರೆ ತಾಯಿ ಹೊರಗೆ ಹೋದ ಮೇಲೆ, ಲೆಕ್ಕ ಬಿಡಿಸಲು ಕುಳಿತಾಗಲೆಲ್ಲ “ಓದು ಕೈಹಿಡಿಯುವುದಿಲ್ಲ” ಎಂಬ ಮಾತು ಕಿವಿಯಲ್ಲಿ ಕೇಳಿದಂತಾಗುತ್ತದೆ, ಆಮೇಲೆ ಪುಸ್ತಕ ಮುಚ್ಚಿಬಿಡುತ್ತೇನೆ ಎಂದಳು. ನಂಬುವುದಿಲ್ಲ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಭವಿಷ್ಯವಾಣಿಯ ನಂಜು ಇಳಿಯುವುದಿಲ್ಲ. ಇಂತಹ ಮಕ್ಕಳಲ್ಲಿ ಕೋಪ ಜೋರಾಗಿದ್ದಷ್ಟೂ ಅದರಡಿ ಅಂಜಿಕೆ ಇದೆಯೇ ಎಂದು ನೋಡುವುದು ನನ್ನ ರೂಢಿ. ನಿದ್ದೆ, ಊಟ, ಸ್ನೇಹಿತೆಯರ ಒಡನಾಟಗಳನ್ನು ವಿಚಾರಿಸಿದೆ. ಮನೋವೈದ್ಯರ ಬಳಿ ಕಳಿಸಬೇಕಾದಂಥದ್ದೇನೂ ಕಾಣಲಿಲ್ಲ.

ಎರಡನೆಯ ಭೇಟಿಯಲ್ಲಿ “ಶನಿ” ಎಂಬ ಒಂದೇ ಹೆಸರಿನಡಿ ಸೇರಿಹೋಗಿದ್ದ ಮೂರು ಬೇರೆ ಪ್ರಶ್ನೆಗಳನ್ನು ಬಿಡಿಸಿಟ್ಟೆವು. ಮೊದಲನೆಯದು, ಶನಿಗ್ರಹ ಈಗ ಎಲ್ಲಿದೆ ಎಂಬುದು. ಇದು ಖಗೋಳದ ಲೆಕ್ಕ, ಇದರಲ್ಲಿ ಜಗಳವಿಲ್ಲ. ಶನಿ ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು. ಹನ್ನೆರಡು ರಾಶಿಗಳಿಗೆ ಹಂಚಿದರೆ ರಾಶಿಯೊಂದಕ್ಕೆ ಹೆಚ್ಚುಕಡಿಮೆ ಎರಡೂವರೆ ವರ್ಷ. ಹುಟ್ಟಿದಾಗ ಚಂದ್ರನಿದ್ದ ರಾಶಿ, ಅದರ ಹಿಂದಿನದು, ಮುಂದಿನದು, ಈ ಮೂರನ್ನು ಶನಿ ದಾಟುವ ಏಳೂವರೆ ವರ್ಷವೇ ಸಾಡೇಸಾತಿ. ಪಂಚಾಂಗ ಹಿಡಿದು ಅವಳೇ ನೋಡಿದಳು: ಶನಿ ಕುಂಭಕ್ಕೆ ಬಂದದ್ದು 2023ರ ಜನವರಿಯಲ್ಲಿ, ಮೀನಕ್ಕೆ ಬಂದದ್ದು 2025ರ ಮಾರ್ಚ್ ಕೊನೆಗೆ.

ಎರಡನೆಯದು, ಅಲ್ಲಿರುವ ಶನಿಯಿಂದ ಇಲ್ಲಿ ಅಂಕ ಕಡಿಮೆಯಾಗುತ್ತದೆಯೇ ಎಂಬುದು. ಇದು ಭವಿಷ್ಯದ ಬಗೆಗಿನ ಹೇಳಿಕೆಯಾದ್ದರಿಂದ ಪರೀಕ್ಷೆಗೆ ಒಡ್ಡಬಹುದಾದದ್ದು. ಯಾವುದೇ ಹೊತ್ತಿನಲ್ಲಿ ಹನ್ನೆರಡರಲ್ಲಿ ಮೂರು ರಾಶಿಗಳಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ, ಸಾಡೇಸಾತಿ ಇದ್ದೇ ಇರುತ್ತದೆ. ಅರವತ್ತು ಮಂದಿಯ ತರಗತಿಯಲ್ಲಿ ಸುಮಾರು ಹದಿನೈದು ಮಂದಿ. ಅವರಷ್ಟೇ ಹಿಂದೆ ಬಿದ್ದಿದ್ದಾರೆಯೇ ಎಂದು ಕೇಳಿದಾಗ ಅವಳು ಉತ್ತರಿಸುವ ಬದಲು ಇನ್ನೊಂದು ಲೆಕ್ಕ ಹಾಕಿದಳು. ಕುಂಭದ ಶನಿಯೇ ಮೀನದವರ ಸಾಡೇಸಾತಿಯ ಮೊದಲ ಭಾಗವಾದರೆ, ತಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಎರಡನೆಯವಳಾಗಿ ಪಾಸಾದದ್ದೂ ಸಾಡೇಸಾತಿಯಲ್ಲೇ! ತಾಯಿಗೆ ಇದನ್ನು ಹೇಳಿದಾಗ, ಆಗ ಗುರುಬಲ ಕಾಪಾಡಿತ್ತು ಎಂಬ ಉತ್ತರ ಬಂತು. ನಾನು ಹುಡುಗಿಗೆ ಗಮನಿಸಲು ಹೇಳಿದ್ದು ಇದನ್ನೇ: ಫಲಿತಾಂಶ ಚೆನ್ನಾಗಿ ಬಂದರೆ ಗುರು, ಕೆಟ್ಟು ಬಂದರೆ ಶನಿ ಎನ್ನುವುದಾದರೆ ತಪ್ಪಾಗುವ ಸಾಧ್ಯತೆಯೇ ಆ ಹೇಳಿಕೆಗಿಲ್ಲ, ತಪ್ಪಾಗಲು ಸಾಧ್ಯವಿಲ್ಲದ ಹೇಳಿಕೆಯಿಂದ ಮುಂದಿನ ವರ್ಷದ ಕಾಲೇಜು ತೀರ್ಮಾನಿಸುವಷ್ಟು ಮಾಹಿತಿಯೂ ಸಿಗುವುದಿಲ್ಲ.

ಜಾತಕದಿಂದ ಓದಿನ ಸಾಮರ್ಥ್ಯ ತಿಳಿಯುತ್ತದೆಯೇ ಎಂಬುದನ್ನು ಮಹಾರಾಷ್ಟ್ರದಲ್ಲಿ ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ನೇರವಾಗಿ ಪರೀಕ್ಷಿಸಿದ್ದರು. ಅದರ ವರದಿ 2009ರಲ್ಲಿ ಪ್ರಕಟವಾಯಿತು. ಓದಿನಲ್ಲಿ ಮುಂದಿದ್ದ ನೂರು ಮಕ್ಕಳ ಮತ್ತು ಬುದ್ಧಿಮಾಂದ್ಯತೆಯಿದ್ದ ನೂರು ಮಕ್ಕಳ ಜಾತಕಗಳನ್ನು ಕಲೆಸಿ, ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾರದೆಂದು ವಿಂಗಡಿಸಲು ಕೇಳಲಾಯಿತು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಶೇಕಡಾ 46 ಸರಿಯಾಗಿತ್ತು; ನಾಣ್ಯ ಚಿಮ್ಮಿ ಹೇಳಿದ್ದರೆ 50ರ ಆಸುಪಾಸು ಬರುತ್ತಿತ್ತು. ಈ ಪರೀಕ್ಷೆ ಜ್ಯೋತಿಷ್ಯದ ಎಲ್ಲ ಮಾತುಗಳಿಗೂ ತೀರ್ಪಲ್ಲ, ಆದರೆ ಈ ಮನೆಯ ಪ್ರಶ್ನೆ ಓದಿನದೇ ಆಗಿದ್ದರಿಂದ ತಾಯಿಗೂ ವಿವರಿಸಿದೆ.

ಹಾಗಿದ್ದರೆ ಜ್ಯೋತಿಷಿ ತನ್ನ ಸ್ವಭಾವವನ್ನು ಅಷ್ಟು ಸರಿಯಾಗಿ ಹೇಳಿದ್ದು ಹೇಗೆ ಎಂದು ಹುಡುಗಿ ಕೇಳಿದಳು. ಅವಳನ್ನು ಒಳಗೊಳಗೆ ಕೊರೆಯುತ್ತಿದ್ದುದು ಇದೇ ಎಂದು ನನಗೆ ತೋರಿತು. ತಾಯಿ ಮಗಳಿಬ್ಬರನ್ನೂ ಕೇಳಿಕೊಂಡು, ಮೂರು ರಾಶಿಗಳ ಸ್ವಭಾವ ವರ್ಣನೆಯನ್ನು ರಾಶಿಯ ಹೆಸರಿಲ್ಲದೆ ಬರೆದುಕೊಟ್ಟು, ಮಗಳದು ಯಾವುದೆಂದು ಆರಿಸಲು ಹೇಳಿದೆ. ಇಬ್ಬರೂ ವೃಷಭದ ಹಾಳೆಯನ್ನೇ ಎತ್ತಿಕೊಂಡರು. ಹುಡುಗಿ ಗೆದ್ದ ಖುಷಿಯಲ್ಲಿ ನಕ್ಕಳು, ಕ್ಷಣ ಬಿಟ್ಟು ತಾನೇ, “ಒಂದು ಸಲ ತಪ್ಪಿದ್ರ ಏನೂ ಸಾಬೀತಾಗಂಗಿಲ್ಲಲ್ರಿ ಮೇಡಂ, ಮೂರರಾಗ ಎರಡು ಪಾಲು ತಪ್ಪೋದೇ ಇತ್ತು” ಎಂದಳು. ಅವಳ ಸಂದೇಹಬುದ್ಧಿಯಲ್ಲಿ ನನಗೆ ಭರವಸೆ ಮೂಡಿದ್ದು ಆಗಲೇ, ಏಕೆಂದರೆ ತನ್ನ ಪರವಾಗಿದ್ದ ಫಲಿತಾಂಶವನ್ನೂ ಅವಳು ಪ್ರಶ್ನಿಸಿದ್ದಳು. ಆಟದಿಂದ ಕಾಣಬೇಕಾದ್ದು ಬೇರೆಯೇ ಇತ್ತು: ಎತ್ತಿಕೊಂಡ ಹಾಳೆ ಇಬ್ಬರಿಗೂ ಚೆನ್ನಾಗಿ ಒಪ್ಪಿತ್ತು. ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದೇ ವರ್ಣನೆಯನ್ನು ಇದು ನಿನ್ನದೆಂದು ಹಂಚಿದಾಗ, ಅವರು ಸರಾಸರಿ ಐದಕ್ಕೆ 4.26 ಅಂಕ ಕೊಟ್ಟಿದ್ದರು.

ಮೂರನೆಯದು, ಶನಿ ಎಂದಾಗ ಹೇಳುವವರ ಮನಸ್ಸಿನಲ್ಲಿರುವ ಅರ್ಥವೇನು ಎಂಬುದು. ಈ ಪ್ರಶ್ನೆಗೆ ಬಂದಾಗ ಅಜ್ಜಿಯನ್ನೂ ಕರೆಸಿದೆ. “ಶನಿ ಹೆಗಲೇರ್ಯಾನ” ಎಂದಾಗ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ ಎಂದು ಕೇಳಿದೆ. ಆಕೆ ಗ್ರಹದ ಮಾತನ್ನೇ ಆಡಲಿಲ್ಲ. ಗಂಡ ತೀರಿಕೊಂಡ ವರ್ಷ ತೊಗರಿಯೂ ಹೋಗಿ ಸಾಲ ಉಳಿದದ್ದನ್ನು, ಶನಿ ಇಳಿಯುವವರೆಗೆ ಸುಮ್ಮನೆ ದುಡಿಯಬೇಕೆಂದು ತಾಳಿಕೊಂಡದ್ದನ್ನು ಹೇಳಿದಳು. ಮೊಮ್ಮಗಳು ಇದನ್ನು ಹಿಂದೆಂದೂ ಕೇಳಿರಲಿಲ್ಲ. ಇಲ್ಲಿ ಶನಿಯೆಂಬುದು ಕಷ್ಟಕಾಲಕ್ಕೆ ಕೊಟ್ಟ ಹೆಸರು, ತನ್ನನ್ನು ತಾನು ನೋಡಿಕೊಳ್ಳಲು ಬಳಸಿದ ಸಂಕೇತ. ಇಂತಹ ಮಾತಿಗೆ ನಿಜವೋ ಸುಳ್ಳೋ ಎಂಬ ಅಳತೆ ಹೊಂದುವುದಿಲ್ಲ, ಇದರಿಂದ ಯೋಚನೆಗೆ ದಾರಿಯಾಯಿತೇ ಎಂದಷ್ಟೇ ಕೇಳಬಹುದು.

ಸಂಕೇತ ಯಾವಾಗ ಭವಿಷ್ಯವಾಗಿ ಜಾರುತ್ತದೆ ಎಂಬುದಕ್ಕೆ ಹುಡುಗಿಗೆ ಎರಡು ಗುರುತು ಹೇಳಿದೆ. ವಾಕ್ಯ ಇಂದಿನ ಅಥವಾ ಹಿಂದಿನ ನಿನ್ನನ್ನು ಕುರಿತಿದ್ದರೆ ಅದು ಆತ್ಮಾವಲೋಕನ. “ಆಗುತ್ತದೆ”, “ಆಗುವುದಿಲ್ಲ” ಎಂದು ಮುಗಿದರೆ ಪುರಾವೆ ಕೇಳು. ಇನ್ನೊಂದು, ಆ ಜಾತಕ ಬೇರೆಯವರದೆಂದು ನಾಳೆ ತಿಳಿದರೂ ಅದರಿಂದ ಹೊಳೆದ ವಿಚಾರ ಉಪಯೋಗಕ್ಕೆ ಬರುವಂತಿದೆಯೇ ಎಂದು ನೋಡು. ಬರುವಂತಿದ್ದರೆ ಕೆಲಸ ಮಾಡಿದ್ದು ನಿನ್ನ ಯೋಚನೆ, ಗ್ರಹವಲ್ಲ. ಬೇಕಿದ್ದರೆ ಮಾತ್ರ, ನಿಧಾನ ಮತ್ತು ದುಡಿಮೆಯ ಅಜ್ಜಿಯ ಶನಿಯನ್ನೇ ತಲೆಬರಹವಾಗಿಟ್ಟು, ಯಾವ ಕೆಲಸವನ್ನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ಒಂದು ಪುಟ ಬರೆದು ತರಲು ಹೇಳಿದೆ.

ಆ ಪುಟದಲ್ಲೇ ಅಂಕ ಕಡಿಮೆಯಾದ ಕಾರಣ ಸಿಕ್ಕಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ಅವಳಿಗೆ ಚಲನೆಯ ನಿಯಮಗಳು ಗೊತ್ತಿದ್ದವು. ಇಂಗ್ಲಿಷಿನಲ್ಲಿ ಕೊಟ್ಟ ಲೆಕ್ಕದಲ್ಲಿ ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂಬುದೇ ಹಿಡಿಯಲು ಸಿಗುತ್ತಿರಲಿಲ್ಲ. ಅದನ್ನು ಉಪನ್ಯಾಸಕರಲ್ಲಿ ಕೇಳಲು ನಾಚಿಕೆ. ಪ್ರತಿ ಲೆಕ್ಕವನ್ನೂ ಮೊದಲು ಕನ್ನಡದಲ್ಲಿ ಬರೆದುಕೊಂಡು, ಚಿತ್ರ ಬಿಡಿಸಿ, ಆಮೇಲೆ ಬಿಡಿಸುವ ಕ್ರಮ ಹಾಕಿಕೊಟ್ಟು, ಉಪನ್ಯಾಸಕರೊಡನೆ ನಾನೇ ಮಾತನಾಡಿದೆ.

ತಾಯಿಗೆ ಕೊಟ್ಟ ಸಲಹೆ ಖಚಿತವಾಗಿತ್ತು. ಪೂಜೆ, ಎಣ್ಣೆ ನಿಮ್ಮ ಸಮಾಧಾನಕ್ಕಿರಲಿ. ವಿಭಾಗ ಬದಲಿಸುವ ತೀರ್ಮಾನ ವಾರ್ಷಿಕ ಪರೀಕ್ಷೆಯ ಅಂಕ ಮತ್ತು ಮಗಳ ಇಚ್ಛೆಯ ಮೇಲೆ ನಿಲ್ಲಲಿ, ಭವಿಷ್ಯದ ಮಾತನ್ನು ಅವಳೆದುರು ಮತ್ತೆ ಎತ್ತಬೇಡಿ, ಏಕೆಂದರೆ ಅದನ್ನು ಕೇಳಿ ಪುಸ್ತಕ ಮುಚ್ಚಿದರೆ ಮಾತು ತಾನಾಗಿ ನಿಜವಾಗುತ್ತದೆ. ಹುಡುಗಿಗೆ, ನಂಬದಿರುವ ಹಕ್ಕು ನಿನ್ನದು, ಅಜ್ಜಿಯನ್ನು ನೆಂಟರೆದುರು ಹೀಯಾಳಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲ ಎಂದೆ. ಅವಳು ಅಜ್ಜಿಯ ಕ್ಷಮೆ ಕೇಳಿದಳು. ಶನಿವಾರ ಗುಡಿಯವರೆಗೆ ಜೊತೆಗೆ ಹೋಗುವುದಕ್ಕೂ ಒಪ್ಪಿದಳು, ತನ್ನ ಹೆಸರಿನಲ್ಲಿ ಎಣ್ಣೆ ಕೊಡಬಾರದೆಂಬ ಷರತ್ತಿನ ಮೇಲೆ. ಅಜ್ಜಿ ಆ ಷರತ್ತಿಗೆ ಇನ್ನೂ ಒಪ್ಪಿಲ್ಲ.