ಹಳ್ಳದ ಮಧ್ಯೆ ಕಂಬ ಹಾಕಬೇಡಿ

“ತೋಟದ ದಾರಿಯಲ್ಲಿ 36 ಅಡಿ ಅಗಲದ ಹಳ್ಳ ಇದೆ. ಅಡಿಕೆ ಪಿಕಪ್, ವರ್ಷಕ್ಕೆ ನಾಲ್ಕು ಸಲ ಗೊಬ್ಬರದ ಟಿಪ್ಪರ್ ಹೋಗಬೇಕು. ಮಧ್ಯೆ ಒಂದು ಕಂಬ ಕಟ್ಟಿ 18 ಅಡಿಯ ಎರಡು ಸ್ಲ್ಯಾಬ್ ಹಾಕೋಣ, ಗರ್ಡರ್ ಎಲ್ಲ ಸುಮ್ನೆ ಖರ್ಚು ಅಂತಾರೆ ನಮ್ಮ ಮೇಸ್ತ್ರಿ. ಸರಿನಾ?”

ಬೇಡ. ದಯವಿಟ್ಟು ಬೇಡ. ಇದೇ ಕೆಲಸವನ್ನು 2012ರಲ್ಲಿ ನಾನು ಮಾಡಿದ್ದೆ. ಇದೇ ಲೆಕ್ಕ, ಇದೇ ಮಾತು. ರಸ್ತೆ ಸೇತುವೆ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದವನು ನಾನು. ಆದರೂ ಸ್ವಂತ ತೋಟ ಅಂದಾಗ ಖರ್ಚು ಉಳಿಸಲು ಹೋಗಿ ಮಧ್ಯೆ ಕಂಬ ಕಟ್ಟಿಸಿದೆ. ಕಲ್ಲಿನ ಕಂಬ, ಎರಡು ಅಡಿ ದಪ್ಪ, ಮೂತಿ ಚೌಕ. ಪಾಯ ನಾಲ್ಕು ಅಡಿ ಆಳದಲ್ಲಿ, ಜಲ್ಲಿ ಮಣ್ಣಿನ ಮೇಲೆ. ಆರು ಮಳೆಗಾಲ ಏನೂ ಆಗಲಿಲ್ಲ.

2019ರ ಆಗಸ್ಟ್ ಮಳೆ ನಿಮಗೂ ನೆನಪಿರಬೇಕು. ಮೇಲಿನಿಂದ ಒಂದು ಹಲಸಿನ ಮರ ಬೇರು ಸಮೇತ ತೇಲಿ ಬಂದು ಕಂಬಕ್ಕೆ ಅಡ್ಡ ಸಿಕ್ಕಿಕೊಂಡಿತು. ಅದರ ಹಿಂದೆ ಬಿದಿರು, ಅಡಿಕೆ ಸೋಗೆ, ಯಾರದ್ದೋ ಬೇಲಿ. ಅರ್ಧ ಗಂಟೆಯಲ್ಲಿ ಅಲ್ಲೊಂದು ಒಡ್ಡೇ ಕಟ್ಟಿತು. ಸೇತುವೆಗೆ ನೀರು ಬರುವ ಕಡೆ ಮಟ್ಟ, ಹೊರಹೋಗುವ ಕಡೆಗಿಂತ ಮೊಣಕಾಲಷ್ಟು ಎತ್ತರ ನಿಂತಿತ್ತು. ಅಷ್ಟು ನೀರಿಗೆ ದಾರಿ ಬೇಕಲ್ಲ? ಎಡದಂಡೆಯಲ್ಲಿ ಸ್ಲ್ಯಾಬ್ ಕೂರುವ ಕಟ್ಟೆಯ ಹಿಂದಿನ ಮಣ್ಣು ಕೊರೆದುಕೊಂಡು ಹೋಯಿತು. ಇಪ್ಪತ್ತು ಅಡಿ ರಸ್ತೆ ಇಲ್ಲ. ಸ್ಲ್ಯಾಬ್ ಮಾತ್ರ ನೆಟ್ಟಗೆ ನಿಂತಿತ್ತು, ಅದಕ್ಕೆ ಹತ್ತಲು ದಾರಿಯೇ ಇರಲಿಲ್ಲ. ನೀರು ಇಳಿದ ಮೇಲೆ ಹೋಗಿ ಕಂಬದ ಬುಡಕ್ಕೆ ಕೈ ಹಾಕಿದೆ. ನೀರು ಬರುವ ಕಡೆಯ ಮೂಲೆಯಲ್ಲಿ ಪಾಯದ ಅಡಿಗೆ ಕೈ ಮೊಣಕೈವರೆಗೆ ಒಳಗೆ ಹೋಯಿತು. ಮರುವರ್ಷ ಕಂಬ ವಾಲಿತು, ಸ್ಲ್ಯಾಬಿನ ಜಾಯಿಂಟಿನಲ್ಲಿ ಎರಡು ಬೆರಳು ಸಂದು ಬಿತ್ತು.

ಹಾಗಾಗಿ ಮೊದಲು ಸ್ಲ್ಯಾಬಾ ಗರ್ಡರಾ ಅಂತ ಕೇಳಬೇಡಿ. ನೀರಿಗೆ ಎಷ್ಟು ಜಾಗ ಬೇಕು ಅಂತ ನೋಡಿ. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ದೊಡ್ಡ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ, ಮರದ ಮೇಲೆ ಬಣ್ಣದ ಗುರುತು ಹಾಕಿ. ಸೇತುವೆಯ ತಳ ಆ ಗುರುತಿಗಿಂತ ಕನಿಷ್ಠ ಮೂರು ಅಡಿ ಮೇಲಿರಲಿ. ಮರ ತೇಲಿ ಬರುವ ಹಳ್ಳ ಆದರೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ನಿಮ್ಮ 36 ಅಡಿ. ಅಂದಾಜು 11 ಮೀಟರ್. ಎರಡೂ ಕಡೆ ಕೂರುವ ಭಾಗ ಸೇರಿದರೆ 12.

ಇದೇ ಪ್ರಶ್ನೆಗೆ ಶೃಂಗೇರಿ ಕಡೆಯವರೊಬ್ಬರು “ಕಂಬ ಬೇಡ, ಸ್ಲ್ಯಾಬನ್ನೇ ದಪ್ಪ ಮಾಡಿ” ಅಂದಿದ್ದಾರೆ. ಕಂಬದ ವಿಷಯ ನೂರಕ್ಕೆ ನೂರು ಸರಿ. ಸ್ಲ್ಯಾಬ್ ವಿಷಯ ಪೂರ್ತಿ ಸರಿಯಲ್ಲ. ಅಗಲ ನಾಲ್ಕೂಕಾಲು ಮೀಟರ್ ಅಂತ ಇಟ್ಟುಕೊಳ್ಳಿ. 6 ಮೀಟರಿನ ಸ್ಲ್ಯಾಬ್ 450 ಮಿಲಿಮೀಟರ್ ದಪ್ಪ ಅಂದರೆ ತೂಕ ಸುಮಾರು 29 ಟನ್. ಅದೇ 12 ಮೀಟರ್ ಒಂದೇ ಸ್ಲ್ಯಾಬಿನಲ್ಲಿ ದಾಟಲು ಸುಮಾರು 850 ಮಿಲಿಮೀಟರ್ ಬೇಕು. ಆಗ ತೂಕ 108 ಟನ್. ಉದ್ದ ಎರಡು ಪಟ್ಟು, ತೂಕ ಹತ್ತಿರಹತ್ತಿರ ನಾಲ್ಕು ಪಟ್ಟು. ತುಂಬಿದ ಹತ್ತು ಚಕ್ರದ ಟಿಪ್ಪರ್ 28 ಟನ್. ಅಂದರೆ ನೀವು ಹಾಕುವ ಕಬ್ಬಿಣದಲ್ಲಿ ಬಹುಪಾಲು ಸ್ಲ್ಯಾಬ್ ತನ್ನನ್ನು ತಾನು ಹೊರುವುದಕ್ಕೇ ಹೋಗುತ್ತದೆ. ಅದಕ್ಕೇ ಗಟ್ಟಿ ಸ್ಲ್ಯಾಬ್ 10 ಮೀಟರಿನವರೆಗೆ ಚೆನ್ನ. 8 ಮೀಟರ್ ಒಳಗೆ ಅದಕ್ಕಿಂತ ಸುಲಭದ್ದು ಇಲ್ಲ. ಹಾಗೆ ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ, 11 ಮೀಟರಿಗೆ ಕಟ್ಟಿದವರೂ ಇದ್ದಾರೆ. ಕಾಂಕ್ರೀಟ್ ಬಿಲ್ ನೋಡಿ ಆಮೇಲೆ ನಿರ್ಧಾರ ಮಾಡಿ.

ಟಿ-ಬೀಮ್ ಅಂದರೆ ಅದೇ ಸ್ಲ್ಯಾಬಿನ ಹೊಟ್ಟೆಯಲ್ಲಿ ಬೇಡದ ಕಾಂಕ್ರೀಟ್ ತೆಗೆದದ್ದು. ನಿಮ್ಮ ಅಳತೆಗೆ ಎರಡು ತೊಲೆ, ಮೇಲೆ 220 ಮಿಲಿಮೀಟರ್ ಡೆಕ್, ಒಟ್ಟು ಎತ್ತರ ಒಂದು ಮೀಟರಿಗೆ ಸ್ವಲ್ಪ ಮೇಲೆ. ತೂಕ 50 ಟನ್ ಒಳಗೆ ಬರುತ್ತದೆ, ಸ್ಲ್ಯಾಬಿನ ಅರ್ಧಕ್ಕಿಂತ ಕಡಿಮೆ. 10 ಮೀಟರಿಂದ 24 ಮೀಟರಿನವರೆಗೆ ನಮ್ಮ ರಸ್ತೆಗಳಲ್ಲಿ ಹಳೇ ಸೇತುವೆಗಳು ಬಹಳಷ್ಟು ಇವೇ. ಅಡಿಗೆ ಹೋಗಿ ನೋಡಿ, ಪಕ್ಕೆಲುಬಿನ ಹಾಗೆ ಕಾಣುತ್ತವೆ. ಅದಕ್ಕಿಂತ ಉದ್ದಕ್ಕೆ ಕೇಬಲ್ ಎಳೆದ ಗರ್ಡರ್ ಬೇಕು, ಅದು ತೋಟದವರ ಕೆಲಸ ಅಲ್ಲ.

ಟಿ-ಬೀಮಿನ ಕಷ್ಟ ಬೇರೆ ಇದೆ. ಸೆಂಟ್ರಿಂಗ್ ಹಳ್ಳದ ತಳದಿಂದಲೇ ನಿಲ್ಲಿಸಬೇಕು. 6 ಮೀಟರಿಗಿಂತ ಉದ್ದದ ತೊಲೆಗೆ ಕಾಂಕ್ರೀಟ್ ಹಾಕಿ 21 ದಿನ ಆಸರೆ ತೆಗೆಯುವ ಹಾಗಿಲ್ಲ. ಮೇಸ್ತ್ರಿಗಳು ಹತ್ತೇ ದಿನಕ್ಕೆ ಹಲಗೆ ಬಿಚ್ಚಿ ಇನ್ನೊಂದು ಕಡೆ ಒಯ್ಯಲು ನೋಡುತ್ತಾರೆ, ಬಿಡಬೇಡಿ. ಏಪ್ರಿಲ್‌ನಲ್ಲಿ ಕಾಂಕ್ರೀಟ್ ಹಾಕಿ, ಅಕಾಲ ಮಳೆಗೆ ಒಂದು ರಾತ್ರಿಯಲ್ಲಿ ಆಸರೆಯ ಬುಡ ಕೊಚ್ಚಿ ಹೋಗಿ ತೊಲೆ ನಡು ಬಗ್ಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಜನವರಿಯಲ್ಲಿ ಶುರು ಮಾಡಲು ಆಗದಿದ್ದರೆ ಟಿ-ಬೀಮ್ ಆಸೆ ಆ ವರ್ಷ ಬಿಡಿ.

ನಾನು 2021ರ ಮಾರ್ಚ್‌ನಲ್ಲಿ ಮತ್ತೆ ಕಟ್ಟಿಸಿದ್ದು ಉಕ್ಕಿನ ತೊಲೆಯಲ್ಲಿ. ಕಂಬ ಒಡೆಸಿದೆ. ಎರಡೂ ದಡದ ಕಟ್ಟೆ ಹಿಂದಕ್ಕೆ ಸರಿಸಿ ಬಂಡೆ ಸಿಗುವವರೆಗೆ ಅಗೆಸಿದೆ. ಐಎಸ್‌ಎಂಬಿ 600, ಅಂದರೆ 600 ಮಿಲಿಮೀಟರ್ ಎತ್ತರದ ಐ ಆಕಾರದ ತೊಲೆ, ಅಂಥವು ಮೂರು, ತಲಾ 12 ಮೀಟರ್. 12 ಮೀಟರ್ ಒಂದೇ ತುಂಡಾಗಿ ಸಿಗುತ್ತದೆ, ಜೋಡಿಸುವ ಗೋಜಿಲ್ಲ. ನಿಮ್ಮ ಹಳ್ಳಕ್ಕೂ ಅದು ಸರಿಯಾಗಿ ಕೂರುತ್ತದೆ. ಒಂದೊಂದು ಒಂದೂವರೆ ಟನ್ ಹತ್ತಿರ. ಹೈಡ್ರಾ ಕ್ರೇನ್ ಬೆಳಗ್ಗೆ ಏಳಕ್ಕೆ ಬಂತು, ಊಟದ ಹೊತ್ತಿಗೆ ಮೂರೂ ಕೂತಿದ್ದವು. ಡೆಕ್ಕಿನ ಹಲಗೆಯನ್ನು ತೊಲೆಗೇ ನೇತು ಹಾಕಿದೆವು. ಹಳ್ಳದಲ್ಲಿ ಒಂದು ಆಸರೆಯೂ ಇಲ್ಲ, ಮಳೆ ಬಂದರೂ ಹೆದರಿಕೆ ಇಲ್ಲ.

ಆದರೆ ಇದರಲ್ಲಿ ಎರಡು ಕಡೆ ಜನ ಎಡವುತ್ತಾರೆ. ತೊಲೆ ಮೇಲೆ ಸುಮ್ನೆ ಸ್ಲ್ಯಾಬ್ ಹಾಕಿಬಿಟ್ಟರೆ ಎರಡೂ ಬೇರೆಬೇರೆಯಾಗಿ ಬಗ್ಗುತ್ತವೆ. ಮೇಲಿನ ಪಟ್ಟಿಗೆ ಚಾನಲ್ ತುಂಡು ಅಥವಾ ಸ್ಟಡ್ ವೆಲ್ಡ್ ಮಾಡಿ ಕಾಂಕ್ರೀಟಿನೊಳಗೆ ಹುದುಗಿಸಬೇಕು, ಆಗ ಎರಡೂ ಸೇರಿ ಒಂದೇ ತೊಲೆ. ಇನ್ನೊಂದು, ಹಸಿ ಕಾಂಕ್ರೀಟ್ ಹಾಕುವ ದಿನ. ಡೆಕ್ 28 ಟನ್ ಇರುತ್ತದೆ, ಆದರೆ ಇನ್ನೂ ಗಟ್ಟಿಯಾಗಿಲ್ಲ, ತೊಲೆಯ ತಲೆ ಹಿಡಿದುಕೊಳ್ಳಲು ಏನೂ ಇಲ್ಲ. ತೊಲೆ ಪಕ್ಕಕ್ಕೆ ತಿರುಚಿ ಬೀಳುವುದು ಅದೇ ದಿನ. ತುದಿಗಳಲ್ಲಿ ಮತ್ತು ಮಧ್ಯೆ ಎರಡು ಕಡೆ ಅಡ್ಡ ಚಾನಲ್ ಬಿಗಿಯದೆ ಕಾಂಕ್ರೀಟ್ ಮುಟ್ಟಬೇಡಿ.

ಕೂರುವ ಜಾಗದಲ್ಲಿ ರಬ್ಬರ್ ಪ್ಯಾಡ್ ಹಾಕಿ, ಒಂದು ತುದಿ ಸರಿಯಲು ಬಿಡಿ. ಬಿಸಿಲು ಚಳಿಗೆ 12 ಮೀಟರ್ ಉಕ್ಕು ನಾಲ್ಕೈದು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಎರಡೂ ತುದಿ ಬಿಗಿದು ವೆಲ್ಡ್ ಮಾಡಿದರೆ ಕಟ್ಟೆಯ ಮೂಲೆ ಸಿಡಿಯುತ್ತದೆ.

ಹಳೇ ಗುಜರಿ ತೊಲೆ ಬಗ್ಗೆ ಒಬ್ಬರು ಬರೆದಿದ್ದಾರೆ, ಅರ್ಧ ಬೆಲೆ ಅಂತ. ನಾನು ತೆಗೆದುಕೊಳ್ಳುವುದಿಲ್ಲ. ಎಲ್ಲಿ ವೆಲ್ಡ್ ಮಾಡಿ ಮುಚ್ಚಿದ್ದಾರೆ ಗೊತ್ತಾಗುವುದಿಲ್ಲ. ಸೇಲ್ ಅಥವಾ ಜಿಂದಾಲ್ ಕಂಪನಿಯ ಛಾಪು ಹೊಸ ಉಕ್ಕಿನ ಮೈಮೇಲೆ ಇರುತ್ತದೆ, ಅದನ್ನು ನೋಡಿಯೇ ಇಳಿಸಿಕೊಳ್ಳಿ. ನನ್ನ ಭಾವ ಗುಜರಿ ತೊಲೆಯಲ್ಲೇ ಕಟ್ಟಿ ಎಂಟು ವರ್ಷದಿಂದ ಪಿಕಪ್ ಓಡಿಸುತ್ತಿದ್ದಾರೆ, ನಮ್ಮಿಬ್ಬರ ಜಗಳ ಇನ್ನೂ ಮುಗಿದಿಲ್ಲ. ಪೇಂಟ್ ವಿಷಯಕ್ಕೆ ಬಂದರೆ, ಏಷ್ಯನ್, ಬರ್ಜರ್ ಎರಡೂ ಹಚ್ಚಿದ್ದೇನೆ, ವ್ಯತ್ಯಾಸ ಕಾಣಲಿಲ್ಲ. ತುಕ್ಕನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ ಸತುವಿನ ಪ್ರೈಮರ್ ಹಚ್ಚಿದ್ದು ಮಾತ್ರ ಉಳಿಯಿತು.

“ಬಾಕ್ಸ್ ಹಾಕಿ, ಮೆಟ್ರೊಗೆ ಅದೇ ಹಾಕಿರೋದು” ಅಂದ ತಮ್ಮನಿಗೆ: ನೀವು ಎರಡು ಬೇರೆ ವಸ್ತು ಬೆರೆಸಿದ್ದೀರಿ. ಬೆಂಗಳೂರು ಮೆಟ್ರೊದಲ್ಲಿ ಕಾಣುವುದು ಬಾಕ್ಸ್ ಗರ್ಡರ್. ಒಳಗೆ ಟೊಳ್ಳು, ತುಂಡು ತುಂಡಾಗಿ ಯಾರ್ಡಿನಲ್ಲಿ ಎರಕ ಹೊಯ್ದು ಕೇಬಲ್‌ನಿಂದ ಬಿಗಿದದ್ದು, ಕಂಬದಿಂದ ಕಂಬಕ್ಕೆ 30 ಮೀಟರ್ ಆಸುಪಾಸು. ತಿರುವಿನಲ್ಲಿ ತೊಲೆ ತಿರುಚಿಕೊಳ್ಳುತ್ತದೆ, ಅದನ್ನು ಮುಚ್ಚಿದ ಪೆಟ್ಟಿಗೆ ತಡೆಯುವಷ್ಟು ಟಿ-ಬೀಮ್ ತಡೆಯುವುದಿಲ್ಲ. 12 ಮೀಟರಿಗೆ ಒಳಗಿನ ಹಲಗೆ ತೆಗೆಯಲು ಒಬ್ಬ ಮನುಷ್ಯ ನುಸುಳುವ ಜಾಗವೂ ಇರುವುದಿಲ್ಲ. ನೀವು ಫೋಟೊ ಹಾಕಿದ್ದು ಬಾಕ್ಸ್ ಕಲ್ವರ್ಟ್, ಚೌಕ ಮೋರಿ. ಅದನ್ನು 36 ಅಡಿಗೆ ಸಾಲಾಗಿ ಮೂರು ಇಟ್ಟರೆ ಮಧ್ಯೆ ಎರಡು ಗೋಡೆ. ನನ್ನ ಒಂದು ಕಂಬಕ್ಕೇ ಹಲಸಿನ ಮರ ಸಿಕ್ಕಿತ್ತು.

ತಮ್ಮ 60 ಅಡಿ ಹೊಳೆಗೂ ಇದೇ ತೊಲೆ ಆಗುತ್ತಾ ಅಂತ ಕೇಳಿದವರಿಗೆ: ಐಎಸ್‌ಎಂಬಿ ತೊಲೆಯ ಎತ್ತರ 600ಕ್ಕೆ ನಿಲ್ಲುತ್ತದೆ, 18 ಮೀಟರಿಗೆ ಸಾಲದು. ಅಲ್ಲಿ ಪ್ಲೇಟ್ ಗರ್ಡರ್ ಬೇಕು, ಉಕ್ಕಿನ ತಟ್ಟೆ ಕತ್ತರಿಸಿ ವೆಲ್ಡ್ ಮಾಡಿದ ತೊಲೆ. ರೈಲ್ವೆಯವರ ಅಳತೆ ನೋಡಿ, 12.2, 18.3, 24.4, 30.5 ಮೀಟರ್. ಹಳೇ 40, 60, 80, 100 ಅಡಿ ಅದೇ. ನಿಮ್ಮದು ಎರಡನೆಯದಕ್ಕೆ ಸರಿ ಬರುತ್ತದೆ. ಆದರೆ ಊರಿನ ಗೇಟ್ ವೆಲ್ಡರ್ ಕೈಲಿ ಮಾಡಿಸಬೇಡಿ. ತಟ್ಟೆ ತೆಳು ಇರುತ್ತದೆ, ನಿಲುವು ಪಟ್ಟಿ ಸರಿಯಾಗಿ ಕೊಡದಿದ್ದರೆ ತುದಿಯಲ್ಲಿ ಕಾಗದದ ಹಾಗೆ ಸುಕ್ಕಾಗುತ್ತದೆ. ನಡೆದಾಡಲು ಮಾತ್ರ ಸಾಕು ಅಂದರೆ ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಕಟ್ಟಿದಂಥ ತೂಗುಸೇತುವೆ ಯೋಚಿಸಿ.

ಇನ್ನೊಂದು ಮಾತು. ನಿಮ್ಮ ದಡ ತಗ್ಗಿದ್ದು, ನೆರೆ ಸೇತುವೆ ಮೇಲೆಯೇ ಹರಿಯುವಂತಿದ್ದರೆ ನಾನು ಹೇಳಿದ್ದು ತಿರುಗುಮುರುಗು. ತೊಲೆಗಳ ನಡುವೆ ಗಾಳಿ ಸಿಕ್ಕಿಕೊಂಡು ಡೆಕ್ ತೇಲಿದ ಹಾಗಾಗುತ್ತದೆ, ನೀರು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ಭಾರದ ಗಟ್ಟಿ ಸ್ಲ್ಯಾಬೇ ಮೇಲು, ಮುಳುಗು ಸೇತುವೆಗಳನ್ನು ಹಾಗೆ ಕಟ್ಟುವುದು ಅದಕ್ಕೇ. ತೊಲೆಯದ್ದೇ ಬೇಕು ಅಂದರೆ ಡೆಕ್ಕಿನಲ್ಲಿ ಗಾಳಿ ತೂತು ಬಿಡಿ, ಕಟ್ಟೆಯ ಮೇಲೆ ಎರಡೂ ಪಕ್ಕ ಕಾಂಕ್ರೀಟ್ ತಡೆ ಕೊಡಿ.

ನಾನು ಕೊಟ್ಟ ದಪ್ಪ, ತೂಕ ಎಲ್ಲ ಅಂದಾಜು, ಡ್ರಾಯಿಂಗ್ ಅಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ನಕ್ಷೆ ಮಾಡಿಸಿ, ಟಿಪ್ಪರ್ ತೂಕ ಎಷ್ಟು ಅಂತ ಅವರಿಗೆ ನಿಜ ಹೇಳಿ. ಹಳ್ಳ ಸರ್ಕಾರಿ ಜಾಗ, ಪಂಚಾಯ್ತಿಯಲ್ಲಿ ಮೊದಲೇ ಕೇಳಿ. ಕಟ್ಟಿದ ಮೇಲೆ ಮೇ ತಿಂಗಳಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ತೊಲೆಯ ತುದಿ ಕೂತ ಜಾಗಕ್ಕೆ ಕೈ ಹಾಕಿ ತರಗೆಲೆ ತೆಗೆಯಿರಿ. ನನ್ನದರಲ್ಲಿ ಮೊದಲ ತುಕ್ಕು ಕಂಡಿದ್ದು ಅಲ್ಲೇ, ಒದ್ದೆ ಎಲೆ ರಾಶಿಯ ಅಡಿಯಲ್ಲಿ.

ಹಳ್ಳದ ತಳದಲ್ಲಿ ಬಂಡೆ ಇದೆಯಾ, ಎಷ್ಟು ಅಡಿಗೆ ಸಿಗುತ್ತದೆ? ಎರಡೂ ದಡದಲ್ಲಿ ಗುಂಡಿ ತೆಗೆಸಿ ಫೋಟೊ ಹಾಕಿ.